ಹಳೇ ಮನೆ ಕಿಟಕಿ ಬಾಗಿಲು ರಿಪೇರಿ: ಎಲ್ಲಿ ತೇಪೆ, ಎಲ್ಲಿ ಎಪಾಕ್ಸಿ, ಎಲ್ಲಿ ಹೊಸ ಮರ

ಕೊಡಗಿನ ಯಾವುದೇ ಹಳೇ ತೋಟದ ಮನೆಗೆ ಹೋಗಿ ನೋಡಿ, ಪಡುವಣ ಕಡೆಯ ಕಿಟಕಿಗಳು ಮೊದಲು ಹಾಳಾಗಿರುತ್ತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಜೊತೆ ಮಳೆ ಅಡ್ಡಡ್ಡ ಬಂದು ಹೊಡೆಯೋದು ಆ ಕಡೆಗೇ. ಅದೇ ಮನೆಯ ಮೂಡಣ ಕಡೆಯ ಕಿಟಕಿ, ಅದೇ ತೇಗ, ಅದೇ ಆಚಾರಿ ಮಾಡಿದ್ದು, ಇನ್ನೂ ಕಲ್ಲಿನ ಥರ ಗಟ್ಟಿ ಇರುತ್ತೆ. ಪಡುವಣ ಕಿಟಕಿಯಲ್ಲೂ ಮೇಲಿನ ಮುಕ್ಕಾಲು ಭಾಗ ಚೆನ್ನಾಗೇ ಇರುತ್ತೆ, ಹೋಗಿರೋದು ಕೆಳಗಿನ ಆರೇಳು ಇಂಚು ಮಾತ್ರ. ಆದ್ರೂ ಜನ ಪೂರ್ತಿ ಕಿಟಕಿ ಕಿತ್ತು ಬಿಸಾಕಿ ಯುಪಿವಿಸಿ ಹಾಕಿಸ್ತಾರೆ ಇಲ್ಲಾಂದ್ರೆ ಹೊಸ ಮರದ್ದು ಮಾಡಿಸ್ತಾರೆ, ಆ ಹೊಸ ಮರ ಬೇಗ ಬೆಳೆದಿದ್ದು, ಬಿಳಿ ಭಾಗ ಜಾಸ್ತಿ ಇರೋದು, ಹಳೇ ಮರದ ನಡುವಿನ ಗಟ್ಟಿ ಚೇಗಿನ ಅರ್ಧ ಕಾಲನೂ ಬಾಳಲ್ಲ. ನೋಡಿ ಹೊಟ್ಟೆ ಉರಿಯುತ್ತೆ.

ಈ ಬರಹದಲ್ಲಿ ಒಂದೇ ಒಂದು ಕಿಟಕಿ ಇಟ್ಕೊಂಡು ಪೂರ್ತಿ ಹೇಳ್ತೀನಿ. ನಾಪೋಕ್ಲು ಕಡೆ ನಮ್ಮ ಸಂಬಂಧಿಕರ ತೋಟದ ಮನೆಯದು, ಪಡುವಣಕ್ಕೆ ಮುಖ, ಹೆಚ್ಚುಕಮ್ಮಿ 4 ಅಡಿ ಎತ್ತರ 3 ಅಡಿ ಅಗಲ, ಹೊರಗೆ ತೆರೆಯೋ ಎರಡು ಕದ, ಒಂದೊಂದು ಕದದಲ್ಲಿ ಮೂರು ಗಾಜು, ಒಳಗಡೆ ಕಬ್ಬಿಣದ ಸರಳು. ಚೌಕಟ್ಟು 4 ಇಂಚಿಗೆ 3 ಇಂಚಿನ ತೇಗ. ಬಾಗಿಲಿಗೂ ಇದೇ ಲೆಕ್ಕ, ಎಲ್ಲಿ ಬೇರೆ ಅಂತ ಅಲ್ಲಲ್ಲೇ ಹೇಳ್ತೀನಿ.

ಮೊದಲು ನೀರು ಎಲ್ಲಿಂದ ಬರ್ತಿದೆ ನೋಡಿ

ಮರ ಕೊಳೆಯೋದು ಶಿಲೀಂಧ್ರದಿಂದ, ಅದಕ್ಕೆ ಮರದೊಳಗೆ ತೇವ ಸುಮಾರು ಶೇ. 20ಕ್ಕಿಂತ ಜಾಸ್ತಿ ಇರ್ಬೇಕು, ಅದಕ್ಕಿಂತ ಕಮ್ಮಿ ಇದ್ರೆ ಅದು ಬೆಳೆಯಲ್ಲ. ಹಾಗಾಗಿ ನೀರಿನ ದಾರಿ ಮುಚ್ಚದೇ ಮರ ಮಾತ್ರ ಬದಲಾಯಿಸಿದ್ರೆ ಕೆಲವು ಮಳೆಗಾಲ ಕಳೆದ ಮೇಲೆ ಅದೇ ಜಾಗ ಮತ್ತೆ ಮೆತ್ತಗಾಗುತ್ತೆ.

ನಮ್ಮ ಕಿಟಕಿಯಲ್ಲಿ ಮೂರು ತಪ್ಪು ಸಿಕ್ತು. ಮೇಲಿನ ಸೂರಿನ ದೋಣಿ ಎಲೆ ತುಂಬಿ ಉಕ್ಕಿ ಎಡಗಡೆ ಮೂಲೆಗೇ ನೀರು ಸುರೀತಿತ್ತು. ಚೌಕಟ್ಟಿನ ಕೆಳಪಟ್ಟಿ ಮುಂಚೆ ಹೊರಗೆ ಇಳಿಜಾರಾಗಿತ್ತು, ಯಾವಾಗಲೋ ಯಾರೋ ಅದರ ಕೆಳಗೆ ಸಿಮೆಂಟ್ ಪ್ಲಾಸ್ಟರ್ ಮಾಡುವಾಗ ಮರದ ಮೂಗಿನ ತನಕ ತಂದು ಬಳಿದಿದ್ರು. ಪಟ್ಟಿಯ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಇರುತ್ತೆ ನೋಡಿ, ನೀರು ಗೋಡೆ ಕಡೆ ಹಿಂದಕ್ಕೆ ಹರೀದೇ ಅಲ್ಲೇ ತೊಟ್ಟಿಕ್ಕಲಿ ಅಂತ, ಅದು ಪೂರ್ತಿ ಸಿಮೆಂಟಲ್ಲಿ ಮುಚ್ಚಿಹೋಗಿತ್ತು. ಮೂರನೇದು ಗಾಜಿನ ಪುಟ್ಟಿ ಬಿರುಕು ಬಿಟ್ಟು ಗಾಜಿನ ಮೇಲೆ ಇಳಿದ ನೀರೆಲ್ಲ ಕದದ ಕೆಳಪಟ್ಟಿಯೊಳಗೆ ಹೋಗ್ತಿತ್ತು.

ಬಾಗಿಲಾದ್ರೆ ಹೊಸ್ತಿಲ ಪಕ್ಕದಲ್ಲಿ ದಾರಂದದ ಕಾಲು ನೋಡಿ. ಹಳೇ ನೆಲದ ಮೇಲೆ ಟೈಲ್ಸ್ ಹಾಕಿಸಿದಾಗ ದಾರಂದದ ಕಾಲು ಒಂದೂವರೆ ಇಂಚು ಸಿಮೆಂಟಲ್ಲಿ ಹೂತುಹೋಗಿರುತ್ತೆ, ದಿನಾ ನೆಲ ಒರೆಸಿದ ನೀರು ಅಲ್ಲೇ ಇಂಗುತ್ತೆ. ಮರದ ಕಡಿದ ತುದಿ, ಅಂದ್ರೆ ನಾರು ಕೊನೆಯಾಗೋ ಮುಖ, ಪಕ್ಕದ ಮುಖಕ್ಕಿಂತ ಎಷ್ಟೋ ಪಟ್ಟು ಜೋರಾಗಿ ನೀರು ಹೀರುತ್ತೆ, ಅದಕ್ಕೇ ಯಾವಾಗಲೂ ಕಾಲಿನ ತುದಿ ಮತ್ತು ಜೋಡಣೆಗಳೇ ಮೊದಲು ಹೋಗೋದು.

ಚುಚ್ಚಿ ನೋಡೋದು

ಒಂದು ಹಳೇ ಸಣ್ಣ ಸ್ಕ್ರೂಡ್ರೈವರ್ ಸಾಕು. ಬಣ್ಣ ನೋಡಿ ನಿರ್ಧಾರ ಮಾಡ್ಬೇಡಿ, ಎನಾಮೆಲ್ ಪೇಂಟ್ ಹೊಳೀತಿರುತ್ತೆ, ಒಳಗೆ ಮರನೇ ಇರಲ್ಲ. ಕೆಳಗಿಂದ ಶುರು ಮಾಡಿ ಇಂಚಿಂಚಿಗೂ ಕೈ ಒತ್ತಡದಲ್ಲಿ ಚುಚ್ಕೊಂಡು ಮೇಲೆ ಬನ್ನಿ. ಗಟ್ಟಿ ಮರದಲ್ಲಿ ಎರಡು ಮೂರು ಮಿ.ಮೀ. ಹೋಗಿ ನಿಲ್ಲುತ್ತೆ, ಕೊಳೆತಿದ್ರೆ ಒಂದು ಸೆಂ.ಮೀ. ಮೇಲೇ ಇಳಿಯುತ್ತೆ. ಅನುಮಾನ ಬಂದ ಕಡೆ ತುದಿ ಚುಚ್ಚಿ ಮೇಲಕ್ಕೆ ಮೀಟಿ ನೋಡಿ, ನಾರು ಉದ್ದಕ್ಕೆ ಸಿಬಿರಾಗಿ ಸೀಳ್ಕೊಂಡು ಎದ್ರೆ ಮರ ಜೀವಂತ ಇದೆ, ಸದ್ದಿಲ್ಲದೆ ತುಂಡು ತುಂಡಾಗಿ ಮುರಿದು ಬಂದ್ರೆ ಕೊಳೆ ಅಲ್ಲಿ ಮುಟ್ಟಿದೆ, ಮೇಲ್ನೋಟಕ್ಕೆ ಎಷ್ಟೇ ಗಟ್ಟಿ ಅನಿಸಿದ್ರೂ. ಸುತ್ತಿಗೆ ಹಿಡಿಯಿಂದ ತಟ್ಟಿದ್ರೆ ಟಣ್ ಅನ್ನೋ ಕಡೆಗೂ ಬೊದ್ ಅನ್ನೋ ಕಡೆಗೂ ವ್ಯತ್ಯಾಸ ಕೇಳಿಸುತ್ತೆ. ಸೀಮೆಸುಣ್ಣದಲ್ಲಿ ಗಡಿ ಗೀಚ್ಕೊಂಡು ಹೋಗಿ, ಆಮೇಲೆ ಕೊಯ್ಯೋಕೆ ಅದೇ ಲೆಕ್ಕ.

ಗೆದ್ದಲು ಮತ್ತು ಹುಳು ಬೇರೆ ಕಥೆ. ಗೆದ್ದಲಾದ್ರೆ ಗೋಡೆ ಮೇಲೋ ಚೌಕಟ್ಟಿನ ಹಿಂದೋ ಮಣ್ಣಿನ ಕೊಳವೆ ಇರುತ್ತೆ, ಅದು ನೆಲದಿಂದ ಬರೋ ದಾರಿ ಮುಚ್ಚದೇ ಮರದ ಕೆಲಸ ಮಾಡಿ ಪ್ರಯೋಜನ ಇಲ್ಲ. ಹುಳ ಹೊಡೆದಿದ್ರೆ ಸಣ್ಣ ಗುಂಡು ತೂತು ಇರುತ್ತೆ, ಆದ್ರೆ ತೂತು ಇದೆ ಅಂದ ಮಾತ್ರಕ್ಕೆ ಹುಳ ಇದೆ ಅಂತಲ್ಲ. ಧೂಳೆಲ್ಲ ಗುಡಿಸಿ ಕೆಳಗೆ ಕಪ್ಪು ಕಾಗದ ಇಟ್ಟು ಕೆಲವು ವಾರ ಬಿಡಿ, ಅದರ ಮೇಲೆ ಹೊಸದಾಗಿ ಹಿಟ್ಟಿನಂಥ ಪುಡಿ ಬಿದ್ರೆ ಮಾತ್ರ ಒಳಗೆ ಇನ್ನೂ ತಿಂತಿದೆ ಅಂತ.

ನಮ್ಮ ಕಿಟಕಿಯಲ್ಲಿ ಕಂಡಿದ್ದು ಇಷ್ಟು. ಚೌಕಟ್ಟಿನ ಎಡಗಾಲು ಕೆಳಗಿಂದ 4 ಇಂಚು ತನಕ ಕೊಳೆತಿತ್ತು. ಕೆಳಪಟ್ಟಿಯ ಹೊರ ಅಂಚು ಒಂದು ಇಂಚು ಆಳ, 9 ಇಂಚು ಉದ್ದ ಮೆತ್ತಗಾಗಿತ್ತು, ಅದರ ಹಿಂದೆ ಗಟ್ಟಿ. ಬಲಗಡೆ ಕದದ ಕೆಳಪಟ್ಟಿ ಪೂರ್ತಿ ಹೋಗಿತ್ತು, ಎರಡೂ ತುದಿಯ ನಾಲಿಗೆ ಸಮೇತ (ನಿಲುಪಟ್ಟಿಯ ತೂತಿನೊಳಗೆ ಕೂರೋ ಭಾಗಕ್ಕೆ ನಾನು ನಾಲಿಗೆ ಅಂತೀನಿ). ಎಡಗಡೆ ಕದದಲ್ಲಿ ಗಾಜಿನ ಸುತ್ತ ಇರೋ ಸಣ್ಣ ಕೆತ್ತನೆ ಅಂಚು ಮಾತ್ರ ಐದಾರು ಮಿ.ಮೀ. ಸಡಿಲ, ಹುಳ ತಿಂದು ಬಿಟ್ಟಿದ್ದು, ಹಳೇ ತೂತು. ಒಂದು ಗಾಜು ಒಡೆದಿತ್ತು. ನಾಲ್ಕು ತಿರುಗಣಿಯಲ್ಲಿ ಒಂದರ ಪಿನ್ನು ತುಕ್ಕು ತಿಂದು ಸವೆದಿತ್ತು.

ಮೂರರಲ್ಲಿ ಯಾವುದು

ಎಪಾಕ್ಸಿ ಅಂದ್ರೆ ಎರಡು ದ್ರವ ಕಲೆಸಿದ್ರೆ ಗಟ್ಟಿಯಾಗೋ ಅಂಟು. ಮನೆಯವರು ಮೊದಲು ಕೇಳಿದ್ದು, "ಆಚಾರ್ರೇ, ಎಲ್ಲದಕ್ಕೂ ಆ ಎಪಾಕ್ಸಿ ಹೊಡೆದುಬಿಟ್ರೆ ಆಗಲ್ವಾ, ಕೊಯ್ಯೋದೆಲ್ಲ ಯಾಕೆ?" ಅಂತ. ಆಚಾರ್ರು ಎಡಗಾಲಿಗೆ ಉಳಿ ಇಟ್ಟು ಒತ್ತಿ ತೋರಿಸಿದ್ರು, "ಇಲ್ನೋಡಿ ಅಕ್ಕ, ಇಲ್ಲಿ ಮರನೇ ಇಲ್ಲ, ಯಾವುದನ್ನ ಗಟ್ಟಿ ಮಾಡೋದು?"

ನಾನು ಪ್ರತಿ ಜಾಗಕ್ಕೂ ಮೂರು ವಿಷಯ ನೋಡ್ತೀನಿ. ಆ ಜಾಗ ಭಾರ ಹೊರುತ್ತಾ ಅಥವಾ ಜೋಡಣೆ ಹಿಡ್ಕೊಂಡಿದ್ಯಾ, ಮತ್ತೆ ನೀರು ಅಲ್ಲಿಗೆ ಬರುತ್ತಾ, ಕೊಳೆ ಎಷ್ಟು ಆಳ. ಭಾರ ಹೊರೋ ಜಾಗ, ನೀರು ಬಂದೇ ಬರೋ ಜಾಗ ಆದ್ರೆ ಕೊಳೆತಿದ್ದನ್ನ ಕೊಯ್ದು ಗಟ್ಟಿ ಮರದ ತುಂಡು ಕೂರಿಸ್ಬೇಕು, ಅದೇ ತೇಪೆ. ಕೊಡಗಿನ ಮಳೆಗೆ ಮುಖ ಕೊಟ್ಟಿರೋ ಕಿಟಕಿಯಲ್ಲಿ ನೂರಕ್ಕೆ ಎಂಬತ್ತು ಕೆಲಸ ಇದೇ ಅನ್ಬಹುದು. ತೆಳು ಎಪಾಕ್ಸಿ ಕುಡಿಸಿ ಗಟ್ಟಿ ಮಾಡೋದು, ಆಕಾರ ಮುಖ್ಯ ಆದ್ರೆ ಭಾರ ಇಲ್ಲದ ಕಡೆ ಮಾತ್ರ, ಕೊಡವ ಕುಟುಂಬದ ಮೂಲಮನೆ, ಅಂದ್ರೆ ಐನ್‌ಮನೆ, ಅದರ ಬಾಗಿಲ ಮೇಲಿನ ಕೆತ್ತನೆ ಪಟ್ಟಿ ಅಂಥದ್ದು, ಅಲ್ಲಿ ಕೊಯ್ದು ಹೊಸದು ಹಾಕಿದ್ರೆ ಕೆತ್ತನೆನೇ ಹೋಯ್ತು. ಹೊಸ ಪಟ್ಟಿ ಹಾಕೋದು, ಒಂದು ಪಟ್ಟಿಯ ಎರಡೂ ತುದಿ ಹೋಗಿದ್ರೆ ಅಥವಾ ದಪ್ಪದಲ್ಲಿ ಅರ್ಧಕ್ಕಿಂತ ಜಾಸ್ತಿ ಉದ್ದಕ್ಕೂ ಹೋಗಿದ್ರೆ. ಆಗಲೂ ಆ ಪಟ್ಟಿ ಒಂದೇ, ಪೂರ್ತಿ ಕದ ಅಲ್ಲ. ಪೂರ್ತಿ ಕಿಟಕಿ ಬದಲಾಯಿಸೋ ಪರಿಸ್ಥಿತಿ ಅಂದ್ರೆ ಚೌಕಟ್ಟಿನ ನಾಲ್ಕು ಮೂಲೆನೂ ಹೋಗಿ ಗೆದ್ದಲು ಒಳಗೆ ಟೊಳ್ಳು ಮಾಡಿರ್ಬೇಕು, ಅದು ಅಪರೂಪ.

ಹಾಗೆ ನೋಡಿದ್ರೆ ನಮ್ಮ ಕಿಟಕಿಗೆ ಎಡಗಾಲು ತೇಪೆ, ಕೆಳಪಟ್ಟಿ ಅಂಚು ತೇಪೆ, ಬಲ ಕದಕ್ಕೆ ಹೊಸ ಕೆಳಪಟ್ಟಿ, ಎಡ ಕದದ ಕೆತ್ತನೆ ಅಂಚಿಗೆ ಎಪಾಕ್ಸಿ.

ಯಾವ ತಿಂಗಳು, ಎಷ್ಟು ಒಣಗ್ಬೇಕು

ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮಾಡಿ. ಕಾಫಿ ಕೊಯ್ಲು ಮುಗೀತಾ ಬಂದಿರುತ್ತೆ, ಮನೆಯಲ್ಲಿ ಕೈಗೆ ಬಿಡುವು ಇರುತ್ತೆ, ಮರ ಒಣಗಿರುತ್ತೆ. ನಡುವೆ ಕಾಫಿ ಹೂ ಅರಳಿಸೋ ಹೂ ಮಳೆ ಬಂದ್ರೆ ಒಂದು ಟಾರ್ಪಾಲ್ ಕಟ್ಟಿದ್ರಾಯ್ತು. ಮಳೆಗಾಲದಲ್ಲಿ ಅಂಟು, ಪ್ರೈಮರ್ ಯಾವುದೂ ಸರಿಯಾಗಿ ಕೂರಲ್ಲ. ಜುಲೈಯಲ್ಲಿ ಬಾಗಿಲು ಉಬ್ಬಿ ಹತ್ತುತ್ತೆ ಅಂತ ಆಗಲೇ ಹತ್ತರಿ ಹೊಡೆಸಿದ್ರೆ ಫೆಬ್ರವರಿಗೆ ಅದೇ ಬಾಗಿಲು ಕುಗ್ಗಿ ಬೆರಳು ತೂರೋಷ್ಟು ಸಂದಿ ಬಿಡುತ್ತೆ, ಅಂಥ ಬಾಗಿಲು ಕೊಡಗಲ್ಲಿ ಎಷ್ಟು ಮನೆಯಲ್ಲಿದೆಯೋ. ಉಬ್ಬಿದ್ರೆ ಆ ಮಳೆಗಾಲ ಹಾಗೇ ತಳ್ಳಿ, ಬೇಸಿಗೆಯಲ್ಲಿ ಮೊದಲು ತಿರುಗಣಿ ಸಡಿಲ ಆಗಿದ್ಯಾ ನೋಡಿ, ಆಮೇಲೂ ಬೇಕಿದ್ರೆ ಒಂದು ಎರಡು ಮಿ.ಮೀ. ತೆಗೆದು ಕೊಯ್ದ ಅಂಚಿಗೆ ತಪ್ಪದೇ ಪೇಂಟ್ ಮಾಡಿ.

ಕೊಳೆತ ಭಾಗ ಬಿಡಿಸಿ ಬಣ್ಣ ಕೆರೆದು ಎರಡು ಮೂರು ವಾರ ಗಾಳಿಗೆ ಬಿಡ್ಬೇಕು. ತೇವ ಅಳೆಯೋ ಸಣ್ಣ ಮೀಟರ್ ಸಿಗುತ್ತೆ, ಎರಡು ಮುಳ್ಳು ಚುಚ್ಚೋದು, ಶೇ. 16-18ರ ಕೆಳಗೆ ಬಂದ ಮೇಲೆ ಅಂಟಿನ ಕೆಲಸ ಶುರು ಮಾಡಿ.

ಬಣ್ಣ ಕೆರೆಯೋದ್ರಲ್ಲಿ ಹುಷಾರು. ಹಳೇ ಎನಾಮೆಲ್‌ಗಳಲ್ಲಿ ಸೀಸ ಇರೋ ಸಾಧ್ಯತೆ ಬಹಳ, ನಮ್ಮಲ್ಲಿ ಮನೆ ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಹಾಗಾಗಿ ಒಣ ಸ್ಯಾಂಡ್‌ಪೇಪರ್ ಹೊಡೆದು ಧೂಳೆಬ್ಬಿಸ್ಬೇಡಿ, ಬೆಂಕಿ ಹಿಡಿದು ಸುಡ್ಬೇಡಿ, ನೀರು ಚಿಮುಕಿಸಿ ಒದ್ದೆ ಮಾಡ್ಕೊಂಡು ಕೆರೆಯಿರಿ, ಮಾಸ್ಕ್ ಹಾಕಿ, ಕೆಳಗೆ ಪ್ಲಾಸ್ಟಿಕ್ ಹಾಸಿ ಆ ಚೂರನ್ನೆಲ್ಲ ಕಟ್ಟಿ ತೆಗೀರಿ. ಮಕ್ಕಳು, ಕೋಳಿ, ನಾಯಿ ಆ ಕಡೆ ಬರದ ಹಾಗೆ ನೋಡ್ಕೊಳ್ಳಿ. ಕಣದಲ್ಲಿ ಕಾಫಿ ಒಣಗಿಸ್ತಿದ್ರೆ ಅದರ ಹತ್ತಿರ ಅಂತೂ ಬೇಡವೇ ಬೇಡ.

ತೇಪೆ ಹಾಕೋದು

ಎಡಗಾಲಿನಿಂದ ಶುರು. ಕೊಳೆ 4 ಇಂಚಿಗೆ ನಿಂತಿದೆ, ಅದಕ್ಕಿಂತ 2 ಇಂಚು ಮೇಲೆ, ಗಟ್ಟಿ ಮರದಲ್ಲೇ ಕೊಯ್ಬೇಕು, ಯಾಕಂದ್ರೆ ಕಣ್ಣಿಗೆ ಕಾಣೋ ಗಡಿಗಿಂತ ಶಿಲೀಂಧ್ರ ಸ್ವಲ್ಪ ಮುಂದೆ ಹೋಗಿರುತ್ತೆ. ಕೊಯ್ಯೋ ಮುಂಚೆ ಮೇಲಿನ ಪಟ್ಟಿಗೆ ಒಂದು ಆಸರೆ ಕಂಬ ಕೊಟ್ಬಿಡಿ, ಮೇಲೆ ಪ್ರತ್ಯೇಕ ಲಿಂಟಲ್ ಇದೆ ಅಂತ ಖಾತ್ರಿ ಇಲ್ಲದಿದ್ರೆ ಇದನ್ನ ಬಿಡೋ ಹಾಗೇ ಇಲ್ಲ.

ಕೊಯ್ತ ನೇರ ಅಡ್ಡ ಬೇಡ, ಓರೆ ಇರ್ಬೇಕು. ನೇರ ಕೊಯ್ದ್ರೆ ಎರಡು ಕಡಿದ ತುದಿ ಎದುರುಬದುರು ಬರುತ್ತೆ, ಅಂಥ ಕಡೆ ಅಂಟು ಹಿಡಿಯಲ್ಲ, ಮೊಳೆ ಹೊಡೆದ್ರೂ ಅಲ್ಲಾಡುತ್ತೆ. ಓರೆ ಯಾವ ಕಡೆಗೆ ಅನ್ನೋದು ಅದಕ್ಕಿಂತ ಮುಖ್ಯ: ಒಳಮುಖದಲ್ಲಿ ಮೇಲೆ, ಹೊರಮುಖದಲ್ಲಿ ಕೆಳಗೆ. ನಾವು ಹೊರಗಡೆ 6 ಇಂಚು ಎತ್ತರದಲ್ಲಿ ಶುರು ಮಾಡಿ ಒಳಗಡೆ 14 ಇಂಚಿಗೆ ಮುಗಿಸಿದ್ವಿ, 4 ಇಂಚು ದಪ್ಪಕ್ಕೆ 8 ಇಂಚು ಉದ್ದದ ಓರೆ. ಹೀಗಿದ್ರೆ ಸಂದಿಯೊಳಗೆ ಒಂದು ಹನಿ ಹೋದ್ರೂ ತನ್ನಷ್ಟಕ್ಕೇ ಹೊರಗೆ ಜಾರುತ್ತೆ. ಉಲ್ಟಾ ಕೊಯ್ದ್ರೆ ಆ ಸಂದಿನೇ ನೀರನ್ನ ಮನೆಯೊಳಗೆ ತರುತ್ತೆ, ಅಂಥ ರಿಪೇರಿ ಬೇಗ ಕಪ್ಪಾಗಿ ಸೀಳೋದನ್ನ ಎಷ್ಟೋ ಕಡೆ ನೋಡಿದೀನಿ.

ಹೊಸ ತುಂಡಿಗೆ ಅದೇ ಜಾತಿ ಮರ, ಹಳೇದಾದ್ರೆ ಇನ್ನೂ ಒಳ್ಳೇದು. ಕೆಡವಿದ ಮನೆಯ ತೊಲೆ, ಮುರಿದ ಮಂಚದ ಕಾಲು, ಅಟ್ಟದಲ್ಲಿ ಬಿದ್ದಿರೋ ಹಲಗೆ ಎಲ್ಲಾ ನೋಡಿ, ಅದು ಕುಗ್ಗೋದೆಲ್ಲ ಕುಗ್ಗಿ ಮುಗಿದಿರುತ್ತೆ. ತೇಗ ಸಿಗದಿದ್ರೆ ಹೊನ್ನೆ ಆಗುತ್ತೆ. ತೋಟದಲ್ಲಿ ನೆರಳಿಗೆ ಹಾಕಿರೋ ಸಿಲ್ವರ್ ಓಕ್ ಕೈಗೆ ಸಿಗುತ್ತೆ ಅಂತ ಅದನ್ನ ಹೊರಗಿನ ಕಿಟಕಿಗೆ ಹಾಕ್ಬೇಡಿ, ಮಳೆಗೂ ಹುಳಕ್ಕೂ ತಡೆಯಲ್ಲ. ಚೇಗು ಮಾತ್ರ ಇರ್ಲಿ, ಬಿಳಿ ಭಾಗ ಕಂಡ್ರೆ ಕೊಯ್ದು ಬಿಸಾಕಿ. ನಾರು ಹಳೇ ಮರದ ನಾರಿನ ದಿಕ್ಕಲ್ಲೇ ಕೂರ್ಬೇಕು. ಬಿದ್ದ ಮರವೇ ಆದ್ರೂ ತೇಗ, ಬೀಟೆ, ಹೊನ್ನೆ ಕೊಯ್ಸೋಕೆ ಸಾಗ್ಸೋಕೆ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳ್ಕೊಳ್ಳಿ.

ತುಂಡನ್ನ ಸ್ವಲ್ಪ ದಪ್ಪ ಬಿಟ್ಟು ಮಾಡಿ ಹಚ್ಚಿ ನೋಡಿ, ಬೆಳಕು ಕಾಣದ ಹಾಗೆ ಕೂತ ಮೇಲೆ ತೇಗದ ಎರಡೂ ಮುಖ ಅಸಿಟೋನ್ ಅಥವಾ ಥಿನ್ನರ್‌ನಲ್ಲಿ ಒರೆಸಿ, ಅದರಲ್ಲಿರೋ ಎಣ್ಣೆ ಅಂಟನ್ನ ಹಿಡಿಯೋಕೆ ಬಿಡಲ್ಲ. ಆಮೇಲೆ ಎಪಾಕ್ಸಿ ಅಂಟು. ಸಾಮಾನ್ಯ ಬಿಳಿ ಅಂಟು ಒಳಗಿನ ಫರ್ನಿಚರ್‌ಗೆ ಸರಿ, ನೀರು ಬಿದ್ರೆ ಮೆತ್ತಗಾಗುತ್ತೆ. ಬಿಗಿದು ಕಟ್ಟಿ ಒಂದು ದಿನ ಬಿಡಿ, ಒಣಗಿದ ಮೇಲೆ ಓರೆಗೆ ಅಡ್ಡವಾಗಿ ಎರಡು ತೂತು ಹೊಡೆದು ಗಟ್ಟಿ ಮರದ ಗೂಟ ಅಂಟು ಹಚ್ಚಿ ಹೊಡೀರಿ. ಕಬ್ಬಿಣದ ಮೊಳೆ ಬೇಡ, ಅದು ತುಕ್ಕು ಹಿಡಿದು ಉಬ್ಬಿ ಮರ ಸೀಳುತ್ತೆ, ತೇಗದ ಜೊತೆ ಸೇರಿ ಕಪ್ಪು ಕಲೆನೂ ಬಿಡುತ್ತೆ. ಕಡಿದ ತುದಿಗೆ, ಅಂದ್ರೆ ಕಾಲಿನ ತಳಕ್ಕೆ, ಕೂರಿಸೋ ಮುಂಚೆನೇ ಎಪಾಕ್ಸಿ ಎರಡು ಸಲ ಬಳೀರಿ, ಆಮೇಲೆ ಅಲ್ಲಿಗೆ ಬ್ರಷ್ ಹೋಗಲ್ಲ.

ಕೆಳಪಟ್ಟಿಯ ಅಂಚಿಗೂ ಇದೇ ಕ್ರಮ, ಆದ್ರೆ ತುಂಡು ಆಯತವಾಗಿ ಕೊಯ್ದು ಕೂರಿಸೋದು, ಒಂದು ಇಂಚು ಆಳದ ಕೊಳೆಗೆ ಒಂದೂವರೆ ಇಂಚು, 9 ಇಂಚಿಗೆ ಎರಡೂ ಕಡೆ 2 ಸೇರಿಸಿ 13 ಇಂಚು. ಕೊಳೆ ಇದ್ದಷ್ಟಕ್ಕೇ ಗುಂಡಿ ತೋಡಿ ಪುಟ್ಟಿ ತುಂಬಿದ್ರೆ ಮರ ಉಬ್ಬಿ ಕುಗ್ಗುವಾಗ ಅದರ ಸುತ್ತ ಕೂದಲೆಳೆ ಬಿರುಕು ಬರುತ್ತೆ, ನೀರು ಅಲ್ಲಿಂದ ಒಳಗೆ ಹೋಗಿ ಹೊರಗೆ ಬರೋಕಾಗದೆ ಹಿಂದಿನ ಗಟ್ಟಿ ಮರನೂ ಕೊಳೆಸುತ್ತೆ. ಹೊಸ ಅಂಚಿಗೆ ಮೇಲೆ ಇಳಿಜಾರು ಕೊಡಿ, ಒಂದು ಇಂಚು ಅಗಲಕ್ಕೆ ಮೂರು ಮಿ.ಮೀ. ಇಳಿದ್ರೆ ಸಾಕು, ಅಡಿಯಲ್ಲಿ ಅಂಚಿನಿಂದ ಅರ್ಧ ಇಂಚು ಒಳಗೆ 6 ಮಿ.ಮೀ. ಅಗಲದ ಗೀರು ಕೊಯ್ದು ಪಟ್ಟಿಯ ಉಳಿದ ಉದ್ದಕ್ಕೂ ಸೇರಿಸಿ. ಕೆಳಗಿದ್ದ ಸಿಮೆಂಟ್ ಒಡೆದು ಗೀರಿಗಿಂತ ಒಳಗೆ ಸರಿಸಿ, ಹಳೇ ಮಣ್ಣಿನ ಗೋಡೆ ಇಲ್ಲಾ ಗಾರೆ ಗೋಡೆ ಆದ್ರೆ ಅಲ್ಲಿ ಮತ್ತೆ ಸುಣ್ಣದ ಗಾರೆಯನ್ನೇ ಹಾಕಿ.

ಸುತ್ತಲಿನ ಉಳಿದ ಮರಕ್ಕೆ ಬೋರಾಕ್ಸ್ ಮೂರು ಪಾಲು, ಬೋರಿಕ್ ಆಸಿಡ್ ಪುಡಿ ಎರಡು ಪಾಲು, ಎರಡೂ ಸೇರಿ 50 ಗ್ರಾಂ ಒಂದು ಲೀಟರ್ ಬಿಸಿ ನೀರಲ್ಲಿ ಕರಗಿಸಿ ಎರಡು ಮೂರು ಸಲ ಬಳಿದ್ರೆ ಶಿಲೀಂಧ್ರಕ್ಕೂ ಹುಳಕ್ಕೂ ತಡೆ. ಇದನ್ನ ಅಂಟಿನ ಕೆಲಸಕ್ಕೆ ಮುಂಚೆನೇ ಮಾಡಿ ಚೆನ್ನಾಗಿ ಒಣಗಿಸಿ. ಮಳೆಗೆ ಇದು ತೊಳೆದುಹೋಗುತ್ತೆ, ಹಾಗಾಗಿ ಮೇಲೆ ಪೇಂಟ್ ಇರ್ಲೇಬೇಕು. ಕೈಗೆ ಗ್ಲೌಸ್ ಹಾಕಿ, ಮಕ್ಕಳಿಂದ ದೂರ ಇಡಿ.

ಎಪಾಕ್ಸಿ ಕುಡಿಸೋದು, ಅದರ ಮಿತಿ

ಎಡ ಕದದ ಕೆತ್ತನೆ ಅಂಚು. ಸಡಿಲ ಪುಡಿ ಎಲ್ಲಾ ಬ್ರಷ್‌ನಲ್ಲಿ ತೆಗೆದು, 3 ಮಿ.ಮೀ. ಬಿಟ್‌ನಲ್ಲಿ ಒಂದೊಂದು ಇಂಚಿಗೆ ಹಿಂದಿನಿಂದ ತೂತು ಹೊಡೆದು, ನೀರಿನಷ್ಟು ತೆಳು ಇರೋ ಎಪಾಕ್ಸಿಯನ್ನ ಸಿರಿಂಜ್‌ನಲ್ಲಿ ನಿಧಾನಕ್ಕೆ ಬಿಡ್ತಾ ಹೋಗ್ಬೇಕು, ಹೀರೋದು ನಿಲ್ಲೋ ತನಕ. ಎಷ್ಟು ಹೀರುತ್ತೆ ಅನ್ನೋದರಲ್ಲೇ ಗೊತ್ತಾಗುತ್ತೆ: ಕೊಳೆತ ಇಲ್ಲಾ ಹುಳ ತಿಂದ ಮರ ಕುಡಿಯುತ್ತೆ, ಗಟ್ಟಿ ತೇಗ ಕುಡಿಯೋದೇ ಇಲ್ಲ, ಮೇಲೆ ನಿಂತುಬಿಡುತ್ತೆ. ಸಣ್ಣ ಸಣ್ಣ ಪ್ರಮಾಣದಲ್ಲೇ ಕಲೆಸಿ, ಒಟ್ಟಿಗೆ ಜಾಸ್ತಿ ಕಲೆಸಿದ್ರೆ ಡಬ್ಬಿಯಲ್ಲೇ ಬಿಸಿಯಾಗಿ ಹೊಗೆ ಬಂದು ಗಟ್ಟಿಯಾಗುತ್ತೆ. ಮಾರನೇ ದಿನ ಉಗುರಲ್ಲಿ ಒತ್ತಿದ್ರೆ ಗುರುತು ಬೀಳಬಾರದು. ಹೋಗಿರೋ ಆಕಾರಕ್ಕೆ ಮೇಲೆ ಎಪಾಕ್ಸಿ ಪುಟ್ಟಿ ಕೊಟ್ಟು ಉಳಿಯಲ್ಲಿ ಕೆತ್ಕೊಳ್ಳಿ.

ಮರ ಒದ್ದೆ ಇದ್ದಾಗ ಹಾಕಿದ್ರೆ ತೇವವನ್ನ ಒಳಗೇ ಬೀಗ ಹಾಕಿದ ಹಾಗೆ, ಮೇಲೆ ಗಟ್ಟಿ ಚಿಪ್ಪು, ಒಳಗೆ ಕೊಳೆ ಮುಂದುವರಿಯುತ್ತೆ. ಎಪಾಕ್ಸಿ ಶಿಲೀಂಧ್ರ ಕೊಲ್ಲೋ ಔಷಧಿನೂ ಅಲ್ಲ, ಅದು ಮುಟ್ಟದ ಜಾಗದಲ್ಲಿ ಶಿಲೀಂಧ್ರ ಹಾಗೇ ಇರುತ್ತೆ. ಒಂದು ಸಲ ಹಾಕಿದ ಮೇಲೆ ವಾಪಸ್ ತೆಗೆಯೋಕೂ ಆಗಲ್ಲ. ಬಾಗಿಲ ಮೇಲಿನ ಹಳೇ ಕೆತ್ತನೆಗೆ ಮಾಡೋದಾದ್ರೆ ಮೊದಲು ಹಿಂದಿನ ಕಾಣದ ಮೂಲೆಯಲ್ಲಿ ಸ್ವಲ್ಪ ಹಾಕಿ ಬಣ್ಣ ಎಷ್ಟು ಕಪ್ಪಾಗುತ್ತೆ ನೋಡ್ಕೊಂಡು ಮುಂದುವರೀರಿ.

ಬಲ ಕದಕ್ಕೆ ಹೊಸ ಕೆಳಪಟ್ಟಿ

ಕದ ಇಳಿಸಿ ಗಾಜೆಲ್ಲ ತೆಗೆದು (ಹೇಗೆ ಅಂತ ಕೆಳಗಿದೆ), ಜೋಡಣೆಯ ಗೂಟ ಹಿಂದಿನಿಂದ ತಟ್ಟಿ ಹೊರಗೆ ಹಾಕಿ. ಕೆಳಪಟ್ಟಿ ಹೇಗೂ ಹೋಗಿದೆ, ಅದನ್ನ ಮಧ್ಯಕ್ಕೆ ಕೊಯ್ದು ತೆಗೆದ್ರೆ ನಿಲುಪಟ್ಟಿಗೆ ಏಟು ಬೀಳಲ್ಲ. ಹಳೇ ಪಟ್ಟಿ ಬಿಸಾಕ್ಬೇಡಿ, ಅಳತೆಗೂ ಕೆತ್ತನೆ ಗೆರೆಗೂ ಅದೇ ಮಾದರಿ. ನಿಲುಪಟ್ಟಿಯ ತೂತಿನೊಳಗೂ ಚುಚ್ಚಿ ನೋಡಿ, ಅಲ್ಲಿ ಕೊಳೆ ಇದ್ರೆ ಅದಕ್ಕೂ ತೇಪೆ ಬೇಕು, ಇಲ್ಲಾಂದ್ರೆ ಹೊಸ ನಾಲಿಗೆ ಹಿಡಿಯೋದು ಕೊಳೆತ ಗೋಡೆಯನ್ನ. ನಮ್ಮದರಲ್ಲಿ ಅದೃಷ್ಟಕ್ಕೆ ಗಟ್ಟಿ ಇತ್ತು. ಹೊಸ ಪಟ್ಟಿ ಅಡಿಯಲ್ಲೂ ಗೀರು ಕೊಯ್ದು, ಅಂಟು ಹಚ್ಚಿ, ಜೋಡಿಸಿ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದು ನೋಡಿ, ಎರಡು ಅಳತೆ ಒಂದೇ ಬಂದ್ರೆ ಕದ ಚೌಕ ಇದೆ, ಆಮೇಲೆ ಗೂಟ ಹೊಡೀರಿ.

ಗಾಜು

ಹಳೇ ಗಾಜಲ್ಲಿ ಹೊರಗಿನ ಮರ ನೋಡಿದ್ರೆ ತಲೆ ಅಲ್ಲಾಡಿಸಿದಾಗ ಕೊಂಬೆ ಸ್ವಲ್ಪ ಬಳುಕಿದ ಹಾಗೆ ಕಾಣುತ್ತೆ. ಈಗಿನ ಫ್ಲೋಟ್ ಗಾಜಲ್ಲಿ ಅದು ಬರಲ್ಲ. ಅದಕ್ಕೇ ಒಡೆಯದ ಐದನ್ನೂ ಉಳಿಸ್ಕೊಂಡ್ವಿ.

ಕಲ್ಲಾಗಿರೋ ಪುಟ್ಟಿಗೆ ಉಳಿ ಇಟ್ಟು ಹೊಡೆದ್ರೆ ಗಾಜು ಹೋಗುತ್ತೆ. ಹೀಟ್ ಗನ್ ಕಮ್ಮಿ ಬಿಸಿಯಲ್ಲಿಟ್ಟು, ಗಾಜಿಗೆ ಫಾಯಿಲ್ ಸುತ್ತಿದ ರಟ್ಟಿನ ಮರೆ ಹಿಡಿದು, ಒಂದೇ ಕಡೆ ನಿಲ್ಲಿಸದೇ ಆಡಿಸ್ತಾ ಪುಟ್ಟಿ ಬೆಚ್ಚಗೆ ಮಾಡಿದ್ರೆ ಮೆತ್ತಗಾಗುತ್ತೆ, ಆಗ ಹಳೇ ಚಾಕು ಮರಕ್ಕೆ ಒರಗಿಸಿ ತೆಗೀತಾ ಹೋಗಿ. ಮೂಲೆ ಕೊನೆಗೆ ಇಟ್ಕೊಳ್ಳಿ, ಗಾಜು ಬಿರಿಯೋದು ಅಲ್ಲೇ. ಪುಟ್ಟಿ ಕೆಳಗೆ ಸಣ್ಣ ಮೊಳೆ ಇರುತ್ತೆ, ಅದನ್ನೆಲ್ಲ ತೆಗೆಯದೇ ಗಾಜು ತಳ್ಳೋಕೆ ಹೋಗ್ಬೇಡಿ. ತೆಗೆದ ಗಾಜಿಗೆ ನಂಬರ್ ಹಾಕಿಡಿ, ಹಳೇ ಕದದಲ್ಲಿ ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ.

ಕೂರಿಸುವಾಗ ಬರಿ ಮರದ ಮೇಲೆ ಪುಟ್ಟಿ ಹಾಕಿದ್ರೆ ಮರ ಅದರ ಎಣ್ಣೆ ಎಲ್ಲಾ ಹೀರಿ ಪುಟ್ಟಿ ಪುಡಿಪುಡಿ ಆಗುತ್ತೆ, ಮೊದಲು ಪ್ರೈಮರ್ ಒಂದು ಕೋಟ್ ಕೊಡಿ. ಪುಟ್ಟಿ ಅಂದ್ರೆ ಚಾಕ್ ಪುಡಿಗೆ ಅಗಸೆ ಎಣ್ಣೆ ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿದ್ದು. ಅಂಗಡಿಯಲ್ಲಿ ಪುಟ್ಟಿ ಕೊಡಿ ಅಂದ್ರೆ ಗೋಡೆಗೆ ಹಚ್ಚೋ ವಾಲ್ ಪುಟ್ಟಿ ಕೊಟ್ಬಿಡ್ತಾರೆ, ಅದು ಇಲ್ಲಿಗೆ ಆಗಲ್ಲ. ಗಾಜಿನ ಹಿಂದೆ ಎರಡು ಮಿ.ಮೀ. ಹಾಸಿಗೆ ಉಳಿಯೋ ಹಾಗೆ ಅಂಚಲ್ಲಿ ಒತ್ತಿ ಕೂರಿಸಿ (ನಡುವೆ ಒತ್ತಬಾರದು), ಆರೇಳು ಇಂಚಿಗೊಂದು ತಲೆ ಇಲ್ಲದ ಸಣ್ಣ ಮೊಳೆ, ಮೇಲೆ ಓರೆಯಾಗಿ ಪುಟ್ಟಿ ಎಳೀರಿ. ಹೊಸ ಗಾಜು ಕೊಯ್ಸುವಾಗ ಅಳತೆಗಿಂತ ಮೂರು ಮಿ.ಮೀ. ಕಮ್ಮಿ ಹೇಳಿ, ಕದ ಉಬ್ಬಿ ಬಿಗಿಯಾದ್ರೆ ಒಡೆಯಬಾರದು. ಒಂದೆರಡು ವಾರ ಬಿಟ್ಟು ಪುಟ್ಟಿ ಮೇಲೆ ಚರ್ಮ ಕಟ್ಟಿದ ಮೇಲೆ ಪೇಂಟ್ ಮಾಡಿ, ಬ್ರಷ್ ಗೆರೆ ಗಾಜಿನ ಮೇಲೆ ಎರಡು ಮಿ.ಮೀ. ಹತ್ತಲೇಬೇಕು. ಎಷ್ಟೋ ಜನ ಅಂದಕ್ಕೆ ಅಂತ ಅದನ್ನ ಬ್ಲೇಡಲ್ಲಿ ಕೆರೆದುಬಿಡ್ತಾರೆ, ಪುಟ್ಟಿಗೂ ಗಾಜಿಗೂ ನಡುವಿನ ಸಂದಿಗೆ ನೀರು ಹೋಗದಂಗೆ ಮುಚ್ಚೋದೇ ಆ ಗೆರೆ.

ತಿರುಗಣಿ, ಚಿಲಕ, ಸರಳು

ಸ್ಕ್ರೂ ತಲೆಯಲ್ಲಿ ತುಂಬಿರೋ ಪೇಂಟ್ ಪೂರ್ತಿ ಕೆರೆದು ತೆಗೆಯದೇ ತಿರುಗಿಸೋಕೆ ಹೋದ್ರೆ ತಲೆ ಸವೆದುಹೋಗುತ್ತೆ. ಬರದಿದ್ರೆ ಸೋಲ್ಡರಿಂಗ್ ಐರನ್ ತುದಿ ಸ್ಕ್ರೂ ತಲೆಗೆ ಒಂದು ನಿಮಿಷ ಇಟ್ಟು ಬಿಸಿ ಮಾಡಿ, ತಣ್ಣಗಾದ ಮೇಲೆ ಮೊದಲು ಬಿಗಿಯೋ ಕಡೆಗೆ ಒಂಚೂರು ತಿರುಗಿಸಿ ಆಮೇಲೆ ಬಿಚ್ಚಿ. ತಿರುಗಣಿಗಳನ್ನ ವೈರ್ ಬ್ರಷ್ ಹೊಡೆದು ರೆಡ್ ಆಕ್ಸೈಡ್ ಪ್ರೈಮರ್ ಕೊಟ್ಟು ವಾಪಸ್ ಹಾಕಿದ್ವಿ, ಪಿನ್ನು ಸವೆದಿದ್ದ ಒಂದಕ್ಕೆ ಮಾತ್ರ ಅದೇ ಅಳತೆಯದ್ದು ಹುಡುಕಿ ತಂದ್ವಿ, ಅಳತೆ ಬೇರೆ ಆದ್ರೆ ಮರದಲ್ಲಿ ಮತ್ತೆ ಹೊಸ ಮನೆ ಕೊರೀಬೇಕಾಗುತ್ತೆ.

ಸಡಿಲ ಆದ ಸ್ಕ್ರೂ ತೂತಿಗೆ ಬೆಂಕಿಕಡ್ಡಿ ತುರುಕೋದು ತಾತ್ಕಾಲಿಕ. ತೂತನ್ನ 8 ಮಿ.ಮೀ. ಬಿಟ್‌ನಲ್ಲಿ ಸಾಪಾಗಿ ಕೊರೆದು ಗಟ್ಟಿ ಮರದ ಗೂಟ ಅಂಟು ಹಾಕಿ ಹೊಡೆದು, ಒಣಗಿದ ಮೇಲೆ ಹೊಸ ತೂತು ಹೊಡೀರಿ. ಕದ ಜೋತುಬಿದ್ದು ಕೆಳಗೆ ಉಜ್ಜೋದಕ್ಕೆ ಮೇಲಿನ ತಿರುಗಣಿಯ ಈ ಸಡಿಲ ತೂತೇ ಸಾಮಾನ್ಯವಾಗಿ ಕಾರಣ. ಹೊರಗಿನ ಕೆಲಸಕ್ಕೆ ಹಿತ್ತಾಳೆ ಇಲ್ಲಾ ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಹಿತ್ತಾಳೆ ಮೆತ್ತಗಿರೋದ್ರಿಂದ ತೇಗದಲ್ಲಿ ಕತ್ತು ಮುರಿಯುತ್ತೆ, ಅದೇ ಅಳತೆಯ ಸ್ಟೀಲ್ ಸ್ಕ್ರೂ ಒಂದು ಸಲ ಹಾಕಿ ತೆಗೆದು, ಹಿತ್ತಾಳೆಯದ್ದಕ್ಕೆ ಸ್ವಲ್ಪ ಮೇಣ ಉಜ್ಜಿ ಕೈಯಲ್ಲೇ ಬಿಗೀರಿ.

ಸರಳಿನ ಬುಡ ನೋಡೋಕೆ ಮರೀಬೇಡಿ. ಕೆಳಪಟ್ಟಿಯ ತೂತಲ್ಲಿ ನೀರು ನಿಂತು ಕಬ್ಬಿಣ ಉಬ್ಬಿ ಮರ ಸೀಳಿರುತ್ತೆ. ಬುಡದ ತುಕ್ಕು ಕೆರೆದು ಪ್ರೈಮರ್ ಕೊಟ್ಟು, ತೂತಿನ ಸುತ್ತ ಎಪಾಕ್ಸಿ ಪುಟ್ಟಿಯಿಂದ ಸಣ್ಣ ದಿಬ್ಬ ಮಾಡಿ, ನೀರು ಅಲ್ಲಿ ನಿಲ್ಲದೇ ಸುತ್ತ ಜಾರಲಿ.

ಪೇಂಟ್, ಆಮೇಲೆ ಮೊದಲ ಮಳೆ

ಪ್ರೈಮರ್ ಒಂದು, ಆಮೇಲೆ ಎರಡು ಕೋಟ್. ಕದ ಇಳಿಸಿರುವಾಗಲೇ ಕೆಳಗಿನ ಮತ್ತು ಮೇಲಿನ ಅಂಚಿಗೂ ಬಳೀರಿ, ಪೇಂಟರ್‌ಗಳು ಯಾವಾಗಲೂ ಬಿಡೋದು ಆ ಜಾಗನೇ. ಕದ ಕೂರಿಸುವಾಗ ಸುತ್ತ ಮೂರು ಮಿ.ಮೀ. ಸಂದಿ ಇರ್ಲಿ, ಬೇಸಿಗೆಯಲ್ಲಿ ಜಾಸ್ತಿ ಅನಿಸುತ್ತೆ, ಜುಲೈಗೆ ಅದು ಬೇಕು. ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕು ಮುಚ್ಚಿ, ಆದ್ರೆ ಕೆಳಪಟ್ಟಿ ಅಡಿಯ ಗೀರಿಗೆ ಸಿಲಿಕೋನ್ ತುಂಬ್ಬೇಡಿ, ನೀರು ಹೊರಗೆ ಬೀಳೋ ಜಾಗ ಅದು.

ಜೂನ್‌ನಲ್ಲಿ ಜೋರು ಗಾಳಿಮಳೆ ಬಂದ ಮಾರನೇ ದಿನ ಒಳಗಡೆಯಿಂದ ಕೆಳಪಟ್ಟಿ ಮೇಲೆ ಬೆರಳು ಆಡಿಸಿ. ನಡುವೆ ಒದ್ದೆ ಇದ್ರೆ ಎರಡು ಕದ ಸೇರೋ ಜಾಗದಿಂದ ಬಂದಿದೆ, ಅಲ್ಲಿಗೆ ಹೊರಗಿಂದ ಒಂದು ಮರೆಪಟ್ಟಿ ಹೊಡೆಸಿ. ಗಾಜಿನ ಕೆಳಗೆ ಒದ್ದೆ ಇದ್ರೆ ಪುಟ್ಟಿ ಬಿಟ್ಟಿದೆ. ಮೂಲೆಯಲ್ಲಿ ಮಾತ್ರ ಇದ್ರೆ ಏಣಿ ಹಾಕಿ ಮೊದಲು ದೋಣಿಯಲ್ಲಿ ಎಲೆ ತುಂಬಿದ್ಯಾ ನೋಡಿ, ಮರ ಮುಟ್ಟೋದು ಆಮೇಲೆ.